ಸ್ಟಿಕರ್ ಬಂತು, ಅಂಟು ಉಳಿಯಿತು: ಗೀರು ಬೀಳದಂತೆ ತೆಗೆಯುವ ಟಿಪ್ಪಣಿ

ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಕೆಲವು ಲೇಬಲ್‌ಗಳು ಪೂರ್ತಿ ಕಳಚುತ್ತವೆ. ಅವುಗಳ ಅಂಟು ನೀರಿನಲ್ಲಿ ಕರಗುವಂಥದ್ದು. ಇನ್ನು ಕೆಲವದರಲ್ಲಿ ಕಾಗದ ಮಾತ್ರ ಬಂದು ಜಿಗುಟು ಉಳಿಯುತ್ತದೆ. ಇದು ರಬ್ಬರ್ ಅಥವಾ ಅಕ್ರಿಲಿಕ್ ಜಾತಿಯ ಅಂಟು. ಇಡೀ ರಾತ್ರಿ ನೆನೆಸಿದರೂ ಕರಗುವುದಿಲ್ಲ.

ಇದಕ್ಕೆ ಎಣ್ಣೆ ಬೇಕು ಎಂಬುದು ಎಲ್ಲರಿಗೂ ಗೊತ್ತು. ನನ್ನನ್ನು ಬಹಳ ಕಾಡಿದ್ದು, ಎಣ್ಣೆ ಹಚ್ಚಿದರೂ ಏಕೆ ಏನೂ ಆಗುವುದಿಲ್ಲ ಎಂಬುದು. ಉತ್ತರ ಕೆಲಸ ಮಾಡುವ ಕ್ರಮದಲ್ಲಿದೆ. ಲೇಬಲ್‌ನ ಮೇಲ್ಪದರ ನುಣುಪಾದ ಪ್ಲಾಸ್ಟಿಕ್ ಲೇಪದ್ದಾಗಿದ್ದರೆ ಎಣ್ಣೆ ಅದರ ಮೇಲೆಯೇ ನಿಲ್ಲುತ್ತದೆ, ಕೆಳಗಿನ ಅಂಟನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಮೊದಲು ಆ ಪದರವನ್ನು ಉಗುರಿನಿಂದ ಸುಲಿದು, ಕಾಗದದ ನಾರನ್ನು ನೀರಿನಲ್ಲಿ ನೆನೆಸಿ ಉಜ್ಜಿ ತೆಗೆಯಬೇಕು. ಆಮೇಲೆ ಬಾಟಲಿಯನ್ನು ಬಟ್ಟೆಯಿಂದ ಒರಸಿ, ಪೂರ್ತಿ ಒಣಗಿಸಬೇಕು. ತೇವ ಉಳಿದಿದ್ದರೆ ಎಣ್ಣೆ ಅಂಟಿಗೆ ತಾಗದೆ ಜಾರಿಹೋಗುತ್ತದೆ. ಒಣಗಿದ ಮೇಲೆ ಕೊಬ್ಬರಿ ಎಣ್ಣೆಯನ್ನು ದಪ್ಪಗೆ ಸವರಿ ಅರ್ಧ ಗಂಟೆ ಬಿಡಿ. ಕೆಲಸ ಮಾಡುವುದು ಕೈಯಲ್ಲ, ಈ ಕಾಯುವಿಕೆ: ಎಣ್ಣೆ ಒಳಹೊಕ್ಕು ಅಂಟು ಉಬ್ಬಿ, ಗಾಜಿನ ಮೇಲಿನ ಹಿಡಿತ ಸಡಿಲವಾಗುತ್ತದೆ.

ಆಯಿತೋ ಇಲ್ಲವೋ ಎಂದು ತಿಳಿಯಲು ಹೆಬ್ಬೆರಳಿನಿಂದ ತಳ್ಳಿ ನೋಡಿ. ಎಳೆ ಎಳೆಯಾಗಿ ಬೆರಳಿಗೆ ಅಂಟಿದರೆ ಇನ್ನೂ ಕಾಯಬೇಕು. ಉಂಡೆಯಾಗಿ ಉರುಳಿದರೆ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು, ಪಾತ್ರೆ ಸೋಪಿನಿಂದ ತೊಳೆಯಿರಿ. ಎಣ್ಣೆಗೆ ಅಡುಗೆ ಸೋಡಾ ಬೆರೆಸಿ ಉಜ್ಜುವುದು ಗಾಜಿಗೆ ನಡೆಯುತ್ತದೆ, ಮೆತ್ತನೆಯ ಪ್ಲಾಸ್ಟಿಕ್ಕಿಗೆ ಅಲ್ಲ. ಸೋಡಾದ ಹರಳು ಅದನ್ನು ಮಂಕಾಗಿಸುತ್ತದೆ.

ಹೊಸ ಸ್ಟೀಲ್ ತಟ್ಟೆಗೆ ನನ್ನ ಮೆಚ್ಚಿನ ಉಪಾಯ ಬೇರೆ. ಸ್ಟಿಕರ್ ಇರುವ ಜಾಗದ ಹಿಂಬದಿಯನ್ನು ಸಣ್ಣ ಉರಿಯ ಮೇಲೆ ಕೆಲವೇ ಕ್ಷಣ ಆಡಿಸಿ, ಬಟ್ಟೆಯಿಂದ ಹಿಡಿದು ಮೂಲೆಯಿಂದ ನಿಧಾನವಾಗಿ ಎಳೆಯಿರಿ. ಬೆಚ್ಚಗಾದ ಅಂಟು ಮೆತ್ತಗಾಗಿ ಸ್ಟಿಕರ್ ಜೊತೆಗೇ ಬರುತ್ತದೆ. ಹೆಚ್ಚು ಕಾಯಿಸಿದರೆ ಸ್ಟೀಲ್ ಬಣ್ಣ ತಿರುಗುತ್ತದೆ. ನಾನ್‌ಸ್ಟಿಕ್ ಪಾತ್ರೆ ಅಥವಾ ಪ್ಲಾಸ್ಟಿಕ್ ಹಿಡಿಯಿರುವ ಡಬ್ಬಿಗೆ ಇದು ಬೇಡ. ಹೇರ್ ಡ್ರೈಯರ್ ಸಾಕು. ಉಳಿದ ಕಲೆಯನ್ನು ಸ್ಟೀಲಿನ ಮೇಲಿನ ಸಣ್ಣ ಗೆರೆಗಳು ಸಾಗುವ ದಿಕ್ಕಿನಲ್ಲೇ ಒರಸಿ, ಅಡ್ಡಕ್ಕೆ ಉಜ್ಜಿದರೆ ಗೀರು ಎದ್ದು ಕಾಣುತ್ತದೆ.

ಪ್ಲಾಸ್ಟಿಕ್ಕಿಗೂ ಎಣ್ಣೆಯೇ ಮೊದಲು. ಉಗುರುಬಣ್ಣ ತೆಗೆಯುವ ಅಸಿಟೋನ್ ಗಾಜಿನ ಮೇಲಿನ ಮೊಂಡು ಅಂಟಿಗೆ ಒಳ್ಳೆಯದು, ಒಲೆಯಿಂದ ದೂರವಿರಲಿ. ಆದರೆ ಡಬ್ಬಿಯ ತಳದ ತ್ರಿಕೋನದಲ್ಲಿ 6 ಅಥವಾ 7 ಎಂದಿದ್ದರೆ ಅದನ್ನು ಮುಟ್ಟಿಸಬೇಡಿ: ಅಂಟಿನ ಬದಲು ಡಬ್ಬಿಯೇ ಕರಗಬಹುದು, ಬಿರಿಯಬಹುದು. 2 ಮತ್ತು 5 ಇದ್ದರೆ ತಡೆದುಕೊಳ್ಳುತ್ತವೆ, ಆದರೂ ತಳದಲ್ಲಿ ಒಂದು ಹನಿ ಹಾಕಿ ನೋಡಿಯೇ ಮುಂದುವರಿಯಿರಿ.