ಗೆರೆ ಸಮತಟ್ಟಾದ ಕಡೆ ಮಿತಿಗೊಳಿಸುವ ಅಂಶ ಯಾವುದು?

ಪ್ರಶ್ನೆ: ಬೆಳಕು ಹೆಚ್ಚಿದರೂ ದ್ಯುತಿಸಂಶ್ಲೇಷಣೆಯ ದರ ಹೆಚ್ಚದೆ ಗೆರೆ ಸಮತಟ್ಟಾಗುತ್ತದೆ. ಅಲ್ಲಿ ಬೆಳಕೇ ಮಿತಿಗೊಳಿಸುವ ಅಂಶ ಎಂದು ಬರೆದರೆ ಏಕೆ ತಪ್ಪು? (ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಗಂಗಾವತಿ)

ಉತ್ತರ: ಯಾವುದನ್ನು ಹೆಚ್ಚಿಸಿದರೆ ದರ ಏರುತ್ತದೆಯೋ ಅದೇ ಆ ಹಂತದಲ್ಲಿ ಮಿತಿಗೊಳಿಸುವ ಅಂಶ. ಸಮತಟ್ಟಾದ ಭಾಗದಲ್ಲಿ ಬೆಳಕು ಹೆಚ್ಚಿಸಿಯೂ ಫಲವಿಲ್ಲವಾದ್ದರಿಂದ ಅಲ್ಲಿ ಕೊರತೆ ಬೆಳಕಿನದಲ್ಲ. 1905ರಲ್ಲಿ ಬ್ಲ್ಯಾಕ್‌ಮನ್ ಮುಂದಿಟ್ಟ ನಿಯಮದ ತಿರುಳೂ ಇದೇ.

ಒಂದು ಲೆಕ್ಕ ನೋಡೋಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗೆರೆಗಳನ್ನು ಎಳೆಯಲಾಗಿದೆ. ಮೊದಲನೆಯದಕ್ಕೆ ಇಂಗಾಲದ ಡೈಆಕ್ಸೈಡ್ ಶೇ. 0.04, ಎರಡನೆಯದಕ್ಕೆ ಶೇ. 0.10. ಬೆಳಕು 2 ಮಾನವಿದ್ದಾಗ ಎರಡರ ದರವೂ 16. ಬೆಳಕು 4 ಆದಾಗ ಮೊದಲನೆಯದು 20ಕ್ಕೆ ನಿಂತುಬಿಟ್ಟಿದೆ, ಎರಡನೆಯದು 30 ತಲುಪಿ ಇನ್ನೂ ಏರುತ್ತಿದೆ. 8ರ ಹೊತ್ತಿಗೆ ಅದೂ 34ಕ್ಕೆ ನಿಂತಿದೆ. ಬೆಳಕು 2ರಲ್ಲಿ ಅನಿಲ ಹೆಚ್ಚಿಸಿದ್ದರಿಂದ ಏನೂ ಬದಲಾಗಲಿಲ್ಲ, ಆದ್ದರಿಂದ ಅಲ್ಲಿ ಕೊರತೆ ಬೆಳಕಿನದು. ಬೆಳಕು 4ರಲ್ಲಿ ಮೊದಲ ಗೆರೆಗೆ ಅನಿಲದ ಕೊರತೆ, ಎರಡನೆಯದಕ್ಕೆ ಮುಖ್ಯವಾಗಿ ಬೆಳಕಿನ ಕೊರತೆ; ಬೆಳಕು ಒಂದೇ ಆಗಿದ್ದರೂ ಉತ್ತರ ಬೇರೆ ಬೇರೆ. ಹಾಗಾಗಿ ಯಾವ ಗೆರೆ, ಅದರ ಯಾವ ಭಾಗ ಎಂದು ಹೇಳದ ಉತ್ತರ ಅಪೂರ್ಣ. 34ರ ಸಮತಟ್ಟಿಗೆ ಕಾರಣ ಉಷ್ಣತೆಯೋ ಅನಿಲವೋ ಎಂಬುದು ಈ ಎರಡು ಗೆರೆಗಳಿಂದ ತಿಳಿಯುವುದಿಲ್ಲ. ಅದೇ ಶೇ. 0.10ರಲ್ಲಿ, 30 ಡಿಗ್ರಿಯ ಮೂರನೆಯ ಗೆರೆ 42ಕ್ಕೆ ಏರಿದ್ದರೆ ಮಾತ್ರ ಉಷ್ಣತೆ ಎನ್ನಬಹುದು. ಗೆರೆ ಬಾಗುವ ಭಾಗದಲ್ಲಿ ಎರಡು ಅಂಶಗಳ ಪ್ರಭಾವವೂ ಬೆರೆತಿರುತ್ತದೆ; ಅಲ್ಲಿ ಒಂದನ್ನೇ ಹೆಸರಿಸಲು ಅವಸರಪಡಬಾರದು.

ನಿಮ್ಮೂರಿನ ಕಾಲುವೆ ನೀರಿನ ಭತ್ತದ ಗದ್ದೆಯಲ್ಲೂ ಇದು ಕಾಣುತ್ತದೆ. ನಡು ಮಧ್ಯಾಹ್ನ, ಬಿಸಿಲಿಗೆ ತೆರೆದ ಮೇಲಿನ ಎಲೆಗೆ ಸಾಮಾನ್ಯವಾಗಿ ಬೆಳಕಿನ ಕೊರತೆಯಿಲ್ಲ, ಆದರೆ ಅದೇ ಪೈರಿನ ಬುಡದ ನೆರಳಿನ ಎಲೆಗೆ ಇದೆ.

ಕಿಣ್ವದ ಗ್ರಾಫಿನಲ್ಲಿ ಮಾತ್ರ ಒಂದು ಎಚ್ಚರ ಬೇಕು. ಆಲೂಗಡ್ಡೆ ರಸದ ಕ್ಯಾಟಲೇಸ್ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ಆರಂಭಿಕ ದರವನ್ನು ಪೆರಾಕ್ಸೈಡಿನ ಸಾರತೆಗೆ ಎದುರಾಗಿ ಗುರುತಿಸಿದರೆ, ಇಲ್ಲಿಯೂ ಗೆರೆ ಏರಿ ಸಮತಟ್ಟಾಗುತ್ತದೆ. ಕಿಣ್ವದ ಸಕ್ರಿಯ ತಾಣಗಳೆಲ್ಲ ತುಂಬಿರುವುದರಿಂದ ಅಲ್ಲಿ ಮಿತಿ ಕಿಣ್ವದ ಪ್ರಮಾಣದ್ದು. ಆದರೆ ಕಿಣ್ವವನ್ನು ಇಮ್ಮಡಿಗೊಳಿಸಿದಾಗ ಹೊಸ ಗೆರೆ ಆರಂಭದಲ್ಲಿ ಹಳೆಯದರ ಮೇಲೆಯೇ ಸಾಗುವುದಿಲ್ಲ; ಪ್ರತಿ ಸಾರತೆಯಲ್ಲೂ ದರ ಸುಮಾರು ಇಮ್ಮಡಿಯಾಗಿ, ಗೆರೆಗಳು ಸೊನ್ನೆಯಿಂದಲೇ ಬೇರೆಯಾಗುತ್ತವೆ. ಇದನ್ನು ನೋಡಿ, ಆರಂಭದಲ್ಲಿ ಪೆರಾಕ್ಸೈಡಿನ ಮಿತಿಯೇ ಇಲ್ಲ ಎಂದು ಬರೆಯುವವರಿದ್ದಾರೆ. ಅದು ಸರಿಯಲ್ಲ: ಪ್ರತಿ ಗೆರೆಯೂ ಅಲ್ಲಿ ಏರುತ್ತಿರುವುದೇ ಪೆರಾಕ್ಸೈಡ್ ಸಾಲದೆಂಬುದಕ್ಕೆ ಸಾಕ್ಷಿ, ಮತ್ತು ಗರಿಷ್ಠ ದರದ ಅರ್ಧವನ್ನು ಎರಡೂ ಗೆರೆಗಳು ಒಂದೇ ಸಾರತೆಯಲ್ಲಿ ಮುಟ್ಟುತ್ತವೆ.