ಫೋಟೋದ ಅಂಚಿನಲ್ಲಿ ಕತ್ತರಿಸಿ ಹೋದ ತಲೆ: ಎಷ್ಟು ಕಟ್ಟಬಹುದು, ಎಲ್ಲಿ ನಿಲ್ಲಿಸಬೇಕು

ನಮ್ಮ ಬಾಗಲಕೋಟೆ ಭಾಗದ ಹಳೆಯ ಮದುವೆ ಆಲ್ಬಮ್‌ಗಳಲ್ಲಿ ಮನೆಯ ಹಿರಿಯ ಹೆಣ್ಣುಮಕ್ಕಳು ನಿಂತಿರುವುದು ಬಹುತೇಕ ತುದಿಯಲ್ಲಿ. ಕರೆದರೂ ನಡುವೆ ಬರುವವರಲ್ಲ. ಛಾಯಾಗ್ರಾಹಕನ ಕಣ್ಣು ಮದುಮಕ್ಕಳ ಮೇಲಿರುತ್ತದೆ. ಅವ್ವನ ತಲೆಯ ಮೇಲ್ಭಾಗವೋ ಎಡಗೈಯೋ ಚೌಕಟ್ಟಿನಾಚೆ ಉಳಿದುಬಿಡುತ್ತದೆ. ಆಕೆ ತೀರಿಕೊಂಡ ಮೇಲೆ, ಗೋಡೆಗೆ ಹಾಕಲು ಇರುವುದು ಇದೊಂದೇ ಫೋಟೋ, ತಲೆ ಪೂರ್ತಿ ಮಾಡಿಕೊಡಿ ಎಂದು ಮಕ್ಕಳು ಹಳೆಯ ಫೋಟೋ ತಿದ್ದಿಕೊಡುವ ನನ್ನ ಬಳಿ ಬರುತ್ತಾರೆ.

ಅಂಥವರಿಗೆ ನಾನು ಮೊದಲು ಕೇಳುವುದು ನೆಗೆಟಿವ್ ಇದೆಯೇ ಎಂದು. 35 ಎಂ.ಎಂ. ಫಿಲ್ಮಿನ ಒಂದು ಚೌಕಟ್ಟು 24ಕ್ಕೆ 36 ಮಿಲಿಮೀಟರ್. ಅದನ್ನು ಪೂರ್ತಿ ಹಿಡಿಸಬೇಕಾದರೆ 5 ಇಂಚು ಎತ್ತರದ ಕಾಗದ ಏಳೂವರೆ ಇಂಚು ಅಗಲ ಇರಬೇಕು. ಆಲ್ಬಮ್‌ಗೆ ಹಾಕಿಸಿದ್ದು 5x7 ಆದರೆ ಅರ್ಧ ಇಂಚು ಚಿತ್ರ ಪ್ರಿಂಟಿನಲ್ಲೇ ಹೋಗಿದೆ. ನಡುವೆ ಇಟ್ಟು ಪ್ರಿಂಟ್ ಹಾಕಿದ್ದರೆ ಎಡಕ್ಕೆ ಕಾಲಿಂಚು, ಬಲಕ್ಕೆ ಕಾಲಿಂಚು. ಆ ಭಾಗ ನೆಗೆಟಿವ್‌ನಲ್ಲಿ ಹಾಗೆಯೇ ಇರುತ್ತದೆ. ತೊಂದರೆಯೆಂದರೆ, ಆಲಮಟ್ಟಿ ಹಿನ್ನೀರಿಗಾಗಿ ಹಳೆಯ ಊರಿನ ಮನೆ ಬಿಟ್ಟು ನವನಗರಕ್ಕೆ ಬಂದ ಕುಟುಂಬಗಳು ಆಲ್ಬಮ್ ಜೋಪಾನವಾಗಿ ತಂದರೂ ನೆಗೆಟಿವ್ ಲಕೋಟೆಯನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟಿರುವುದಿಲ್ಲ. ನೆಗೆಟಿವ್ ಸಿಗದಿದ್ದರೆ ಅದೇ ಮದುವೆಯ ಮುಂದಿನ, ಹಿಂದಿನ ಫೋಟೋಗಳನ್ನು ನೋಡಬೇಕು. ಅದೇ ಸೀರೆ, ಅದೇ ಬೆಳಕು, ಅದೇ ವಯಸ್ಸು ಇರುವ ಇನ್ನೊಂದು ಪ್ರಿಂಟು ನನ್ನ ಯಾವ ಕೈಚಳಕಕ್ಕಿಂತಲೂ ಮೇಲು.

ಒಂದು ಕೆಲಸವನ್ನೇ ಬಿಡಿಸಿ ಹೇಳುತ್ತೇನೆ. ಸೊಂಟದವರೆಗೆ ತೆಗೆದ ಅಡ್ಡ ಫೋಟೋ, 5x7 ಪ್ರಿಂಟು. ಬಲತುದಿಯಲ್ಲಿ ತಲೆಯ ಮೇಲೆ ಸೆರಗು ಹೊದ್ದ ಅಜ್ಜಿ, ಇಳಕಲ್ ಸೀರೆ. ನೆತ್ತಿ ಮೇಲಂಚಿಗೆ ಹೋಗಿದೆ, ಎಡತೋಳು ಪಕ್ಕದ ಅಂಚಿಗೆ. ಅದೃಷ್ಟಕ್ಕೆ ನೆಗೆಟಿವ್ ಸಿಕ್ಕಿತು. ಆದರೆ ಅಡ್ಡ ಫೋಟೋ ಆದದ್ದರಿಂದ ಅದರಲ್ಲಿ ಹೆಚ್ಚಾಗಿ ಸಿಕ್ಕಿದ್ದು ಪಕ್ಕದ್ದೇ ಹೊರತು ಮೇಲಿನದ್ದಲ್ಲ. ಆ ಕಾಲಿಂಚು ಕೂಡ ನಿಜವಾದ ಮೈಯ ಅಳತೆಯಲ್ಲಿ ಸುಮಾರು 5 ಸೆಂಟಿಮೀಟರ್. ಕುಪ್ಪಸದ ತೋಳಿನ ಅಂಚು ಕಂಡಿತು, ಕೈ ಕಾಣಲಿಲ್ಲ. ನೆತ್ತಿಯನ್ನಂತೂ ಕಟ್ಟಲೇಬೇಕಾಯಿತು.

ನೆತ್ತಿ ಎಷ್ಟು ಎತ್ತರ ಇರಬೇಕು ಎಂಬುದನ್ನು ಕಣ್ಣಂದಾಜಿಗೆ ಬಿಡಬಾರದು. ಮುಖ ನೇರವಾಗಿದ್ದರೆ ಕಣ್ಣಿನ ಗೆರೆ ಗದ್ದಕ್ಕೂ ನೆತ್ತಿಗೂ ಹೆಚ್ಚುಕಡಿಮೆ ನಡುವೆ ಬರುತ್ತದೆ. ಕೆಳಗಿನ ಅಳತೆಯನ್ನೇ ಮೇಲಕ್ಕೆ ಹಾಕಿದರೆ ಆಯಿತು ಎನ್ನುವುದು ಎಲ್ಲರೂ ಕಲಿಯುವ ಸೂತ್ರ. ಹಲ್ಲು ಬಿದ್ದ ಅಜ್ಜಿಯರಲ್ಲಿ ಈ ಸೂತ್ರ ಕೈಕೊಡುತ್ತದೆ. ಹಲ್ಲಿಲ್ಲದ ಬಾಯಿ ಮುಚ್ಚಿದಾಗ ಗದ್ದ ಮೇಲಕ್ಕೆ ಬಂದಿರುತ್ತದೆ, ಆದ್ದರಿಂದ ಮುಖದ ಕೆಳಭಾಗ ಗಿಡ್ಡವಾಗಿ ಅಳತೆಗೆ ಸಿಗುತ್ತದೆ. ಈ ಅಜ್ಜಿಯ ಪ್ರಿಂಟಿನ 600 ಡಿಪಿಐ ಸ್ಕ್ಯಾನ್‌ನಲ್ಲಿ ಗದ್ದದಿಂದ ಕಣ್ಣಿಗೆ 295 ಪಿಕ್ಸೆಲ್ ಬಂತು. ಎರಡು ಕಣ್ಣಪಾಪೆಗಳ ನಡುವಿನ ಅಂತರ 186. ಕಣ್ಣಿನಿಂದ ನೆತ್ತಿಗೆ ಇರುವ ಎತ್ತರ ಈ ಅಂತರದ ಸುಮಾರು ಒಂದೂಮುಕ್ಕಾಲು ಪಟ್ಟು, ಅಂದರೆ 325. ವಯಸ್ಸು ಪಾಪೆಗಳ ಅಂತರವನ್ನು ಗದ್ದದಷ್ಟು ಕೆಡಿಸುವುದಿಲ್ಲವಾದ್ದರಿಂದ ಇದನ್ನೇ ನಂಬಿದೆ. ಕಣ್ಣಿನಿಂದ ಫೋಟೋದ ಅಂಚಿಗೆ 240 ಇತ್ತು; ಉಳಿದ 85ಕ್ಕೆ ಕೂದಲು, ಸೆರಗಿನ ದಪ್ಪಕ್ಕೆಂದು ಇಪ್ಪತ್ತು ಸೇರಿಸಿದೆ. ಹಳೆಯ ಸೂತ್ರ ಹಿಡಿದಿದ್ದರೆ ಮೂವತ್ತು ಪಿಕ್ಸೆಲ್ ಕಡಿಮೆಯಾಗುತ್ತಿತ್ತು, ಅಂದರೆ ತಲೆಯಲ್ಲಿ ಒಂದು ಸೆಂಟಿಮೀಟರ್. ಇಷ್ಟಕ್ಕೇ ತಲೆ ಚಪ್ಪಟೆಯಾಗಿ ಕಾಣುತ್ತದೆ. ಮನೆಯವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಮುಖ ಓರೆಯಾಗಿದ್ದರೆ ಪಾಪೆಗಳ ಅಂತರವೂ ಕುಗ್ಗಿರುತ್ತದೆ, ಆಗ ಈ ಲೆಕ್ಕವೂ ನಡೆಯದು.

ಇನ್ನು ಬಟ್ಟೆ. ಮೂಲ ಚಿತ್ರವನ್ನು ಒಂದು ಪದರದಲ್ಲಿ ಮುಟ್ಟದೆ ಇಟ್ಟು, ಕ್ಯಾನ್ವಾಸ್ ಮೇಲಕ್ಕೆ ಹಿಗ್ಗಿಸಿ, ಸೆರಗಿನ ತುಂಡನ್ನು ಅದೇ ಅಜ್ಜಿಯ ಹೆಗಲಿನಿಂದ ಎತ್ತಿಕೊಂಡೆ. ಫೋಟೋಶಾಪ್‌ನ Content-Aware Fill ಇಂಥ ಕಡೆ ಪಕ್ಕದ ನಮೂನೆಯನ್ನೇ ಮತ್ತೆ ಮತ್ತೆ ತಂದು ಹಾಕುತ್ತದೆ. ಇಳಕಲ್ ಸೆರಗಿನ ಕೆಂಪಿನ ಮೇಲಿನ ಬಿಳಿ ತೋಪು ತೆನೆಗಳನ್ನು ನಮ್ಮ ಕಡೆಯ ಹೆಂಗಸರು ಹುಟ್ಟಿನಿಂದ ನೋಡುತ್ತಾ ಬಂದವರು; ಒಂದು ತೆನೆ ತಲೆಕೆಳಗಾಗಿ ನಿಂತರೂ ಬೆರಳಿಟ್ಟು ತೋರಿಸುತ್ತಾರೆ. ಹಾಗಾಗಿ ತುಂಡನ್ನು Warp ಬಳಸಿ ತಲೆಯ ದುಂಡಿಗೆ ಬಗ್ಗಿಸಿ, ಹಣೆಯ ಎರಡೂ ಬದಿ ಉಳಿದಿದ್ದ ಅಂಚಿನ ಗೆರೆಗೆ ಸೇರಿಸಿದೆ. ಆ ಗೆರೆ ಇರದೆ ಹೋಗಿದ್ದರೆ ಸೆರಗು ಯಾವ ಓಟದಲ್ಲಿ ಹೋಗಿತ್ತೆಂದು ತಿಳಿಯುತ್ತಿರಲಿಲ್ಲ.

ಹೆಚ್ಚಿನವರು ಸಿಕ್ಕಿಬೀಳುವುದು ಬೆಳಕಿನಲ್ಲಿ. ಫ್ಲ್ಯಾಶ್ ಎದುರಿನಿಂದ ಬಿದ್ದಿದೆ: ಹಣೆಯ ಮೇಲೆ ಹೊಳಪು, ನೆತ್ತಿ ಹಿಂದಕ್ಕೆ ಬಾಗಿದಂತೆ ಮಂಕು. ಹೆಗಲಿನ ಬಟ್ಟೆಯನ್ನು ಅದೇ ಹೊಳಪಿನಲ್ಲಿ ಅಂಟಿಸಿದರೆ ತಲೆ ರಟ್ಟಿನಲ್ಲಿ ಕತ್ತರಿಸಿದಂತೆ ಕಾಣುತ್ತದೆ. ತುದಿಯ ಕಡೆ ಮೆಲ್ಲಗೆ ಕಪ್ಪಾಗಿಸಬೇಕು. ಹಿಂದಿನ ಗೋಡೆಯ ಮೇಲೆ ಫ್ಲ್ಯಾಶಿನ ನೆರಳೂ ಇರುತ್ತದೆ, ಹೊಸ ನೆತ್ತಿಗೂ ಅದನ್ನು ಮುಂದುವರಿಸಬೇಕು. ಇದನ್ನು ಮರೆತ ಫೋಟೋಗಳನ್ನು ಸಾಕಷ್ಟು ನೋಡಿದ್ದೇನೆ. ಕೊನೆಗೆ ಫಿಲ್ಮಿನ ಕಾಳು, ಅಂದರೆ ಹಳೆಯ ಫೋಟೋದಲ್ಲಿ ಕಾಣುವ ಸಣ್ಣ ಚುಕ್ಕೆಗಳು. ನಾವು ಕಟ್ಟಿದ ಭಾಗ ನುಣುಪಾಗಿರುತ್ತದೆ, ಅದಕ್ಕೆ ಸ್ವಲ್ಪ Add Noise ಹಾಕಿ ಅರ್ಧ ಪಿಕ್ಸೆಲ್‌ನಷ್ಟು ಮಸುಕು ಮಾಡಿದರೆ ಹಳೆಯದರೊಡನೆ ಬೆರೆಯುತ್ತದೆ. ಮುಗಿದ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ, ಬೆರಳುಗುರಿನಷ್ಟು ಚಿಕ್ಕದು ಮಾಡಿ ನೋಡುತ್ತೇನೆ. ಕೆಲಸ ಮಾಡಿ ರೂಢಿಯಾದ ಕಣ್ಣಿಗೆ ಕಾಣದ ಸೊಟ್ಟು ಆಗ ಕಾಣುತ್ತದೆ.

ಕೈಯ ವಿಷಯ ಬೇರೆ. ಹಸಿರು ಬಳೆ ತೊಟ್ಟ ಕೈ ಬೇಕೇ ಬೇಕೆಂದು ಮಗಳು ಹಟ ಹಿಡಿದರು. ಮೊಣಕೈ ಸೊಂಟದ ಮಟ್ಟಕ್ಕೆ ಬರುತ್ತದೆ, ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗೆ ಕೈ ಗದ್ದದಿಂದ ಹಣೆಯ ಕೂದಲಂಚಿನವರೆಗಿನಷ್ಟು ಉದ್ದ ಇರುತ್ತದೆ ಎಂಬ ಅಳತೆಗಳು ನನಗೂ ಗೊತ್ತು. ಆದರೆ ಆ ಕೈ ಮಡಚಿತ್ತೋ, ಸೆರಗು ಹಿಡಿದಿತ್ತೋ, ಬೆರಳ ಗಂಟುಗಳು ಊದಿದ್ದವೋ, ಇದ್ಯಾವುದನ್ನೂ ಅಳತೆ ಹೇಳುವುದಿಲ್ಲ. ಬೇರೆಯವರ ಕೈ ತಂದು ಜೋಡಿಸಿದರೆ ಅದು ಬೇರೆಯವರ ಕೈಯೇ, ಮಕ್ಕಳಿಗೆ ತಾಯಿಯ ಕೈ ಗೊತ್ತಿರುತ್ತದೆ. ಚಿತ್ರವನ್ನು ಎದೆಯ ಮಟ್ಟಕ್ಕೆ ಕತ್ತರಿಸಿ, ತೋಳನ್ನು ಸಹಜವಾಗಿ ಚೌಕಟ್ಟಿನಾಚೆ ಹೋಗಲು ಬಿಟ್ಟೆ. ಕಟ್ಟುವುದಕ್ಕಿಂತ ಕತ್ತರಿಸುವುದು ಎಷ್ಟೋ ಸಲ ಜಾಣತನ.

ಮುಖಕ್ಕೂ ಹೀಗೆಯೇ ಒಂದು ಗಡಿ ಇದೆ. ಸೆರಗು, ರುಮಾಲು, ಟೋಪಿ ಕತ್ತರಿಸಿದ್ದರೆ ಧೈರ್ಯವಾಗಿ ಒಪ್ಪುತ್ತೇನೆ. ಬರಿದಲೆಯ ಕೂದಲಂಚು ಹೋಗಿದ್ದರೆ ಇನ್ನೊಂದು ಫೋಟೋ ಕೇಳುತ್ತೇನೆ; ಮತದಾರರ ಗುರುತಿನ ಚೀಟಿಯ ಪುಟ್ಟ ಚಿತ್ರವಾದರೂ ಸರಿ, ಬೈತಲೆ ಎಲ್ಲಿತ್ತು, ಹಣೆ ಎಷ್ಟು ಅಗಲ ಎಂದು ತಿಳಿಯಲು ಅದು ಸಾಕು, ನಕಲು ಮಾಡಲು ಸಾಲದು. ಹುಬ್ಬು, ಕಣ್ಣು ಹೋಗಿದ್ದರೆ ಬೇಡ ಎನ್ನುತ್ತೇನೆ. ಒಂದು ಬದಿಯ ಕಣ್ಣನ್ನು ಮಗುಚಿ ಇನ್ನೊಂದು ಬದಿಗೆ ಹಾಕಿಕೊಡುವವರಿದ್ದಾರೆ. ಯಾರ ಮುಖದ ಎರಡು ಬದಿಯೂ ಒಂದೇ ತೆರನಾಗಿರುವುದಿಲ್ಲ, ಬೆಳಕೂ ಮಗುಚಿಕೊಳ್ಳುತ್ತದೆ. ಆ ಹೆಂಗಸಿನ ಅಕ್ಕನೋ ತಂಗಿಯೋ ಎನ್ನುವಂಥ ಮುಖ ಹುಟ್ಟುತ್ತದೆ.

ದೊಡ್ಡದು ಮಾಡುವುದಕ್ಕೂ ಮಿತಿ ಇದೆ. ಈ ಅಜ್ಜಿಯ ತಲೆ ಒಟ್ಟು 650 ಪಿಕ್ಸೆಲ್ ಆಸುಪಾಸು. ಮನೆಯವರು ಕೇಳಿದ 12x18 ಚೌಕಟ್ಟಿನಲ್ಲಿ ತಲೆ 5 ಇಂಚಾದರೆ ಇಂಚಿಗೆ 130 ಪಿಕ್ಸೆಲ್ ಮಾತ್ರ ಬೀಳುತ್ತದೆ, ಹತ್ತಿರದಿಂದ ಮಸುಕು. 8x12ರಲ್ಲಿ ತಲೆ ಮೂರು ಇಂಚು ಚಿಲ್ಲರೆಗೆ ಇಳಿದು ಇಂಚಿಗೆ ಸುಮಾರು 200 ಸಿಗುತ್ತದೆ. ಪ್ರಿಂಟನ್ನು 1200 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಸಿಗುವುದು ಕಾಗದದ ಮೇಲ್ಮೈಯ ಉಬ್ಬುತಗ್ಗು ಮಾತ್ರ. ಅವರು 8x12ಕ್ಕೆ ಒಪ್ಪಿದರು. ಮೂಲದ ಸ್ಕ್ಯಾನ್ ಮತ್ತು ನಾನು ಕಟ್ಟಿದ್ದು, ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಪೆನ್‌ಡ್ರೈವ್‌ಗೆ ಹಾಕಿಕೊಟ್ಟು, ಚೌಕಟ್ಟಿನ ಹಿಂದೆ ‘ನೆತ್ತಿಯ ಭಾಗ ಸೇರಿಸಿದ್ದು’ ಎಂದು ಬರೆದೆ. ಪಿಂಚಣಿಗೋ ಗುರುತಿನ ದಾಖಲೆಗೋ ಇದನ್ನು ಲಗತ್ತಿಸಬೇಡಿ ಎಂದು ಬಿಲ್ ಕೊಡುವಾಗಲೇ ಹೇಳಿಬಿಡುತ್ತೇನೆ.