ಮಾಯವಾದ ಮೆಸೇಜು ಎಲ್ಲಿಗೆ ಹೋಗುತ್ತದೆ?

‘ಕಂಪನಿಯವರ ಹತ್ರ ಇದ್ದೇ ಇರುತ್ತೆ, ವಾಪಸ್ ತರ್ರಿ ಸಾರ್.’ ದಾವಣಗೆರೆಯ ನಮ್ಮ ರಿಪೇರಿ ಅಂಗಡಿಯಲ್ಲಿ ನಾನು ಜಾಸ್ತಿ ಕೇಳುವ ಮಾತಿದು. ಇಲ್ಲ ಸ್ವಾಮಿ. ವಾಟ್ಸಾಪಿನ ಮೆಸೇಜು ನಿಮ್ಮ ಫೋನಿಗೆ ತಲುಪಿದ ಮೇಲೆ ಅವರ ಸರ್ವರ್‌ನಲ್ಲಿ ಉಳಿಯುವುದಿಲ್ಲ. ಆಮೇಲೆ ಇರುವುದು ಕಳಿಸಿದವರ ಫೋನಿನಲ್ಲಿ ಒಂದು ಪ್ರತಿ, ನಿಮ್ಮದರಲ್ಲಿ ಒಂದು. ಇಷ್ಟು ದಿನದ ಮೇಲೆ ಮೆಸೇಜು ತಾನಾಗಿ ಮಾಯವಾಗಲಿ ಅಂತ ಚಾಟ್‌ಗೆ ಟೈಮರ್ ಇಟ್ಟಿದ್ದರೆ, ಆ ಗಡುವು ಮುಗಿದಾಗ ಎರಡೂ ಕಡೆ ಆ್ಯಪೇ ತನ್ನ ಪ್ರತಿಯನ್ನು ಅಳಿಸುತ್ತದೆ.

ಕಳೆದ ಸುಗ್ಗಿಯಲ್ಲಿ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ಬಂದಿದ್ದರು. ಖರೀದಿದಾರ 12ನೇ ತಾರೀಕು ಕ್ವಿಂಟಲ್‌ಗೆ 2,150 ರೂಪಾಯಿ ಅಂತ ದರ ಕಳಿಸಿದ್ದ. ಟೈಮರ್ 7 ದಿನದ್ದು. ಇವರು ತಿರುಪತಿಗೆ ಹೋಗಿದ್ದವರು 21ಕ್ಕೆ ಚಾಟ್ ತೆರೆದರೆ ದರ ಇಲ್ಲ. ‘ನಾನಿನ್ನೂ ಓದೇ ಇಲ್ವಲ್ರೀ!’ ಎಂದು ಅವರ ಕೂಗು. ಓದದಿದ್ದರೇನು? ವಾಟ್ಸಾಪ್ ಎಣಿಸುವುದು ಕಳಿಸಿದ ಗಳಿಗೆಯಿಂದ. ಓದಿದ ಮೇಲೆ ಎಣಿಕೆ ಶುರುವಾಗುವುದು ಸಿಗ್ನಲ್ ಅನ್ನೋ ಇನ್ನೊಂದು ಆ್ಯಪ್‌ನಲ್ಲಿ, ಅದೂ ಪಡೆದವರ ಕಡೆ ಮಾತ್ರ.

ಅಷ್ಟರಲ್ಲಿ ಅವರು ಯಾರದೋ ಮಾತು ಕೇಳಿ ಆ್ಯಪ್ ತೆಗೆದು, ಮತ್ತೆ ಹಾಕಿ, ಬ್ಯಾಕಪ್‌ನಿಂದ ಎಲ್ಲ ತುಂಬಿಸಿದ್ದರು. ಗಡುವಿಗೆ ಮುಂಚೆ ತೆಗೆದ ಬ್ಯಾಕಪ್‌ನಲ್ಲಿ ಆ ಮೆಸೇಜು ಇರುತ್ತದೆ, ನಿಜ. ಆದರೆ ವಾಪಸ್ ತುಂಬುವಾಗ ಗಡುವು ದಾಟಿದ್ದನ್ನು ಆ್ಯಪ್ ಅಳಿಸಿಬಿಡುತ್ತದೆ. ಜೊತೆಗೆ ‘ರಿಕವರಿ’ ಆ್ಯಪ್ ಒಂದಕ್ಕೆ ದುಡ್ಡೂ ಕೊಟ್ಟಿದ್ದರು. ಅದು ತೋರಿಸಿದ್ದು ಗ್ಯಾಲರಿಯಲ್ಲಿದ್ದ ಹಳೇ ಫೋಟೋಗಳನ್ನು!

ಫೋನಿನ ಮೆಮೊರಿಯಲ್ಲಿ ಅಳಿಸಿದ ಚೂರುಪಾರು ಕೆಲವು ಸಲ ಉಳಿಯುವುದುಂಟು. ಆದರೆ ಈಗಿನ ಫೋನುಗಳಲ್ಲಿ ಎಲ್ಲವೂ ಬೀಗ ಹಾಕಿದ ರೂಪದಲ್ಲಿರುತ್ತದೆ, ಖಾಲಿಯಾದ ಜಾಗವನ್ನು ಫೋನೇ ಬೇಗ ಒರೆಸಿ ಹಾಕುತ್ತದೆ. ಸಿಕ್ಕೇ ಸಿಗುತ್ತದೆ ಅಂತ ನಾನಂತೂ ಯಾರಿಗೂ ಮಾತು ಕೊಡುವುದಿಲ್ಲ.

ಹಾಗಾಗಿ ನಾನು ಹುಡುಕುವುದು ಟೈಮರ್ ಮುಟ್ಟದ ಪ್ರತಿಗಳನ್ನು. ತಾನಾಗಿ ಡೌನ್‌ಲೋಡ್ ಆದ ಫೋಟೋ ಚಾಟ್‌ನಿಂದ ಹೋದರೂ ಗ್ಯಾಲರಿಯಲ್ಲಿ ಕೂತಿರಬಹುದು. ಆ ಮೆಸೇಜಿಗೇ ಯಾರಾದರೂ ಉತ್ತರ ಕೊಟ್ಟಿದ್ದರೆ, ಉತ್ತರದ ಮೇಲೆ ಕಾಣುವ ಹಳೇ ಸಾಲು ಇನ್ನೂ ಇರಬಹುದು. ಆಂಡ್ರಾಯ್ಡ್‌ನ ನೋಟಿಫಿಕೇಶನ್ ಹಿಸ್ಟರಿ ಮೊದಲೇ ಆನ್ ಆಗಿದ್ದರೆ 24 ಗಂಟೆಯ ಒಳಗಿನದು ಸಿಗುತ್ತದೆ. ಇವರಿಗೆ ಆ ಅವಧಿ ಎಂದೋ ದಾಟಿತ್ತು.

‘ದರ ಬಂದಿದೆ ಅಂತ ನಿಮಗೆ ಹೇಳಿದ್ದು ಯಾರು?’ ಎಂದು ಕೇಳಿದೆ. ಮಗ. ಅಪ್ಪನ ವಾಟ್ಸಾಪನ್ನು ಅಂಗಡಿಯ ಕಂಪ್ಯೂಟರ್‌ಗೆ ಜೋಡಿಸಿಕೊಂಡಿದ್ದ ಅವನು ಅದನ್ನು 13ಕ್ಕೇ ಗುಮಾಸ್ತರಿಗೆ ಫಾರ್ವರ್ಡ್ ಮಾಡಿದ್ದ. ಆ ಚಾಟ್‌ಗೆ ಟೈಮರ್ ಇರಲಿಲ್ಲ. ಗುಮಾಸ್ತರ ಫೋನಿನಲ್ಲಿ ದರದ ಸಾಲು ಹಾಗೇ ಇತ್ತು.

ಆದರೆ ಫಾರ್ವರ್ಡ್ ಆದ ಸಾಲಿನಲ್ಲಿ ಮೂಲತಃ ಕಳಿಸಿದವರು ಯಾರು ಅಂತ ಕಾಣುವುದಿಲ್ಲ. ‘ನಂದಲ್ಲ’ ಅಂದಿದ್ದರೆ ಇವರಿಗೆ ಕಷ್ಟವಿತ್ತು. ಖರೀದಿದಾರ ಒಪ್ಪಿಕೊಂಡ. ಗುಮಾಸ್ತರು ಮಾತ್ರ ನನ್ನ ಮೇಲೆ ಮುನಿಸಿಕೊಂಡರು: ‘ನನ್ನನ್ನ ಮೊದಲೇ ಕೇಳಬಾರದಿತ್ತಾ?’

ನಾನು ಕೇಳಿದ್ದು ಮೊದಲೇ. ಅವರ ಸಾಹುಕಾರರು ಬಂದಿದ್ದು ನಾಲ್ಕು ದಿನ ತಡವಾಗಿ.